ಅಡಿಕೆ ಸಸಿ ಆಯ್ಕೆ: ಮೂರು ನರ್ಸರಿಗಳ ಫೋಟೋ ಪಕ್ಕಪಕ್ಕ ಇಟ್ಟು ನೋಡಿದ್ದು

ಪೆರ್ಲದ ಹತ್ತಿರ ನಮ್ಮ ತೋಟದ ಮೇಲಿನ ತಟ್ಟಿನಲ್ಲಿ ಸುಮಾರು 27 ಸೆಂಟ್ಸ್ ಜಾಗದ ಹಳೆಯ ಅಡಿಕೆ ಮರಗಳನ್ನು ತೆಗೆದು ಹೊಸತು ನೆಡುವ ಕೆಲಸ ಈ ವರ್ಷ ಇತ್ತು. 2.7 ಮೀಟರ್ ಅಂತರದಲ್ಲಿ ನೆಟ್ಟರೆ 150 ಸಸಿ ಬೇಕು. ಮೂರು ನರ್ಸರಿಗಳಲ್ಲಿ ವಿಚಾರಿಸಿದೆ. ಮೂರೂ ಬೇರೆ ಬೇರೆ ದಿಕ್ಕಿನಲ್ಲಿ, ಒಂದಕ್ಕೊಂದು ದೂರ. ಜೀಪು ಮಾಡಿಕೊಂಡು ಎಲ್ಲ ಕಡೆ ಸುತ್ತುವ ಬದಲು ಮೊದಲು ಫೋಟೋ ತರಿಸಿಕೊಂಡು, ಒಂದನ್ನು ಆರಿಸಿ, ಅಲ್ಲಿಗೆ ಮಾತ್ರ ಹೋಗುವುದು ಅಂತ ತೀರ್ಮಾನ ಮಾಡಿದೆ. ಇಲ್ಲಿ ಆ ನರ್ಸರಿಗಳನ್ನು ಅ, ಬ, ಕ ಅಂತ ಕರೆಯುತ್ತೇನೆ. ಮೂರರಲ್ಲೂ ಕೇಳಿದ್ದು ಒಂದೇ: ಮಂಗಳ ತಳಿ, ತೊಟ್ಟೆಯಲ್ಲಿ ಬೆಳೆಸಿದ್ದು, ಒಂದು ವರ್ಷ ದಾಟಿದ್ದು.

ಮೊದಲ ಸಲ ಬಂದ ಫೋಟೋಗಳು ನೋಡಲು ಚೆನ್ನಾಗಿದ್ದವು, ಆದರೆ ಹೋಲಿಸಲು ಬರುತ್ತಿರಲಿಲ್ಲ. ಅ ನರ್ಸರಿಯವರು ಮಟಮಟ ಮಧ್ಯಾಹ್ನ ಬಿಸಿಲಿನಲ್ಲಿ ತೆಗೆದಿದ್ದರು. ಎಲೆಗಳು ಮಾಸಿದ ಹಾಗೆ ಕಾಣುತ್ತಿದ್ದವು. ಬ ನರ್ಸರಿಯ ಸಸಿಗಳು ಹಸಿರು ಶೇಡ್ ನೆಟ್ಟಿನ ಅಡಿಯಲ್ಲಿ ಸಾಲಾಗಿ ನಿಂತಿದ್ದವು. ಎದೆ ಎತ್ತರ, ಕಡು ಹಸಿರು, ಕಣ್ಣು ಅಲ್ಲೇ ನಿಲ್ಲುವಂಥ ನೋಟ. ಕ ನರ್ಸರಿಯವರು ಒಂದೇ ಒಂದು ಗಿಡವನ್ನು ಕೈಯಲ್ಲಿ ಎತ್ತಿ ಹಿಡಿದು ಕಳಿಸಿದ್ದರು. ಪಕ್ಕದ ತೋಟದ ಭಾವ ಫೋನ್ ನೋಡಿದವರೇ, "ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಭಾವ? ಎರಡನೆಯದ್ದೇ ತೆಗೊಳ್ಳಿ. ಎತ್ತರ ಇದೆ, ಬೇಗ ಬರ್ತದೆ" ಅಂದರು.

ಅಡಿಕೆ ಸಸಿಯಲ್ಲಿ ಎತ್ತರ ಅನ್ನುವುದು ಒಳ್ಳೆಯ ಗುರುತಲ್ಲ. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಡಿಕೆ ಸಸಿ ಆರಿಸಲು ಒಂದು ಸರಳ ಲೆಕ್ಕ ಹೇಳುತ್ತದೆ. ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಅದರಿಂದ ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕಳೆಯಬೇಕು. ಉಳಿದ ಅಂಕ ಜಾಸ್ತಿ ಇರುವ ಸಸಿ ಒಳ್ಳೆಯದು. ಎಲೆ ಜಾಸ್ತಿ ಇದ್ದಷ್ಟೂ ಮುಂದಿನ ಬೆಳವಣಿಗೆ ಚೆನ್ನಾಗಿರುತ್ತದೆ. ನೆಡುವಾಗಿನ ಎತ್ತರ ಜಾಸ್ತಿ ಇದ್ದಷ್ಟೂ ಉಲ್ಟಾ. 12ರಿಂದ 18 ತಿಂಗಳ, ಐದು ಅಥವಾ ಹೆಚ್ಚು ಎಲೆ ಇರುವ, ಗಿಡ್ಡ ಗಟ್ಟಿ ಸಸಿ ಬೇಕು ಅನ್ನುವುದು ಅವರ ಶಿಫಾರಸು. ನೆರಳು ಜಾಸ್ತಿಯಾಗಿ, ತೊಟ್ಟೆಗಳನ್ನು ಒತ್ತೊತ್ತಾಗಿ ಇಟ್ಟರೆ ಸಸಿ ಬೆಳಕಿಗೋಸ್ಕರ ಉದ್ದಕ್ಕೆ ಎಳೆಯುತ್ತದೆ. ಎಲೆಯ ಸಂಖ್ಯೆ ಅದರ ಜೊತೆ ಏರುವುದಿಲ್ಲ. ಆ ಎತ್ತರವನ್ನೇ ನಾವು ಆರೋಗ್ಯ ಅಂದುಕೊಳ್ಳುತ್ತೇವೆ.

ಈ ಲೆಕ್ಕಕ್ಕೆ ಬೇಕಾದ ಎರಡೂ ಸಂಗತಿ ಫೋಟೋದಲ್ಲಿ ಸಿಗುತ್ತವೆ. ಎಲೆ ಎಣಿಸಬಹುದು, ಎತ್ತರ ಅಳೆಯಬಹುದು. ಫೋಟೋ ಸರಿಯಾಗಿ ತೆಗೆದಿರಬೇಕು, ಅಷ್ಟೆ.

ಎರಡನೆಯ ಸಲ ಕೇಳಿದ ಫೋಟೋ

ನರ್ಸರಿಯವರಿಗೆ ಮಳೆಗಾಲದ ಮೊದಲು ಪುರುಸೊತ್ತೇ ಇರುವುದಿಲ್ಲ. ಉದ್ದ ಪಟ್ಟಿ ಕಳಿಸಿದರೆ ಓದುವುದೂ ಇಲ್ಲ. ಹಾಗಾಗಿ ಫೋನ್ ಮಾಡಿ, ಮಾತಿನಲ್ಲೇ ಹೇಳಿದೆ. ಸಾಲಿನಲ್ಲಿ ಹತ್ತು ಹತ್ತು ತೊಟ್ಟೆ ಬಿಟ್ಟು ಒಂದೊಂದರಂತೆ ಐದು ಸಸಿ ತೆಗೆಯಿರಿ, ಆರಿಸಬೇಡಿ. ಒಂದೊಂದನ್ನೇ ಬಯಲಿನಲ್ಲಿ, ಗೋಡೆಯ ನೆರಳಿನಲ್ಲಿ ಇಡಿ. ಪಕ್ಕದಲ್ಲಿ ಒಂದು ಬಿಳಿ ಎ4 ಕಾಗದ, ಬುಡಕ್ಕೆ ತಾಗಿಸಿ ನೆಟ್ಟಗೆ ನಿಲ್ಲಿಸಿದ ಅಳತೆ ಟೇಪು. ಹಿಂದೆ ಒಂದು ದಾರಕ್ಕೆ ಕಲ್ಲು ಕಟ್ಟಿ ತೂಗುಹಾಕಿ. ನೀವು ಕುಕ್ಕರುಗಾಲಲ್ಲಿ ಕುಳಿತು, ಫೋನನ್ನು ಗಿಡದ ಅರ್ಧ ಎತ್ತರಕ್ಕೆ ಹಿಡಿದು, ಎರಡು ಹೆಜ್ಜೆ ಹಿಂದೆ ಸರಿದು, 2ಎಕ್ಸ್ ಜೂಮ್ ಮಾಡಿ ತೆಗೆಯಿರಿ. ಆಮೇಲೆ ತೊಟ್ಟೆಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು. ಕೊನೆಗೆ ತೊಟ್ಟೆಯ ಅಡಿಭಾಗದ್ದು ಒಂದು. ಐದರಲ್ಲಿ ಒಂದು ಸಸಿಯ ತೊಟ್ಟೆಯನ್ನು ಪಕ್ಕದಲ್ಲಿ ಸೀಳಿ ಬೇರು ತೋರಿಸಿ, ಆ ಸಸಿಯ ದುಡ್ಡು ನಾನು ಕೊಡುತ್ತೇನೆ ಅಂದೆ. ಈ ಕೊನೆಯ ಮಾತು ಹೇಳಿದ ಮೇಲೆ ಮೂವರೂ ಒಪ್ಪಿದರು.

ಕುಳಿತೇ ತೆಗೆಯಬೇಕು ಅನ್ನುವುದಕ್ಕೆ ಕಾರಣ ಇದೆ. ನಿಂತುಕೊಂಡು ಮೇಲಿನಿಂದ ಕೆಳಕ್ಕೆ ತೆಗೆದರೆ ಸುಳಿ ದೊಡ್ಡದಾಗಿ, ಬುಡ ಸಣ್ಣದಾಗಿ ಕಾಣುತ್ತದೆ. ನೆಟ್ಟಗಿರುವ ಗೆರೆಗಳೂ ಕೆಳಗಡೆ ಒಂದಕ್ಕೊಂದು ಹತ್ತಿರ ಬರುತ್ತವೆ. ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಚೌಕಟ್ಟಿನ ಅಂಚಿನಲ್ಲಿರುವ ಗಿಡ ಹೊರಗೆ ವಾಲಿದಂತೆ ಇರುತ್ತದೆ. ನೇರವಾದ ಸಸಿಯನ್ನು ಡೊಂಕು ಅಂತ ಬಿಡುವುದು, ಡೊಂಕನ್ನು ನೇರ ಅಂತ ಕೊಳ್ಳುವುದು ಎರಡೂ ಇದರಿಂದಲೇ ಆಗುತ್ತದೆ. ತೂಗುವ ದಾರ ಇದ್ದರೆ ಈ ಗೊಂದಲ ಇಲ್ಲ. ಫೋಟೋದಲ್ಲಿ ದಾರ ಓರೆ ಕಂಡರೆ ಫೋಟೋವನ್ನೇ ತಿರುಗಿಸಿ ದಾರ ನೆಟ್ಟಗೆ ಮಾಡಿಕೊಳ್ಳಬಹುದು.

ಟೇಪು ಬುಡಕ್ಕೇ ತಾಗಿರಬೇಕು ಅನ್ನುವುದೂ ಸಣ್ಣ ವಿಷಯವಲ್ಲ. ಕ್ಯಾಮೆರಾ ಒಂದೂವರೆ ಮೀಟರ್ ದೂರದಲ್ಲಿದ್ದು, ಟೇಪು ಗಿಡಕ್ಕಿಂತ 15 ಸೆಂಟಿಮೀಟರ್ ಮುಂದೆ ಇದ್ದರೆ, ಟೇಪು ಸುಮಾರು ನೂರಕ್ಕೆ ಹನ್ನೊಂದರಷ್ಟು ದೊಡ್ಡದಾಗಿ ಕಾಣುತ್ತದೆ. ಆಗ 80 ಸೆಂಟಿಮೀಟರಿನ ಸಸಿ 72 ಅಂತ ಲೆಕ್ಕಕ್ಕೆ ಬರುತ್ತದೆ. ಗಿಡ್ಡ ಸಸಿ ಬೇಕು ಅನ್ನುವ ನಮಗೆ ಈ ತಪ್ಪು ಯಾವಾಗಲೂ ಮಾರುವವರ ಪರವಾಗಿಯೇ ಬೀಳುತ್ತದೆ.

ಇನ್ನೊಂದು: ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಆಗಿ ಕಳಿಸಿದರೆ ಅದು ಚಿಕ್ಕದಾಗಿ ಬರುತ್ತದೆ. ಎಲೆಯ ಮೇಲಿನ ಸಾಸಿವೆ ಗಾತ್ರದ ಚುಕ್ಕೆಗಳು ಅದರಲ್ಲಿ ಕರಗಿ ಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಬ ನರ್ಸರಿಯಿಂದ ಮಾತ್ರ ಮೊದಲಿನ ಹಾಗೇ ಬಂತು. ಮತ್ತೆ ಕೇಳಿ ತರಿಸಿಕೊಂಡೆ.

ಅಳತೆ

ಎಲ್ಲ ಫೋಟೋಗಳನ್ನು ಒಂದೇ ಪ್ರಮಾಣಕ್ಕೆ ತರಬೇಕು. ಇದಕ್ಕೆ ನಾನು ಮಾಡಿದ್ದು ಇಷ್ಟು: ಪ್ರತಿ ಫೋಟೋವನ್ನೂ ಟೇಪಿನ ಸೊನ್ನೆಯಿಂದ 120ರ ತನಕ ಇರುವಂತೆ ಕತ್ತರಿಸಿದೆ. ಹಾಗೆ ಮಾಡಿದರೆ ಎಲ್ಲದರಲ್ಲೂ ಎತ್ತರ 120 ಸೆಂಟಿಮೀಟರ್. ಸೊನ್ನೆ ಇರುವುದು ತೊಟ್ಟೆಯ ಮಣ್ಣಿನ ಮಟ್ಟದಲ್ಲಿ, ತೊಟ್ಟೆಯ ಬಾಯಿಯಲ್ಲಿ ಅಲ್ಲ. ಕೆಲವು ತೊಟ್ಟೆಗಳಲ್ಲಿ ಮಣ್ಣು ಮುಕ್ಕಾಲು ಭಾಗವೇ ಇರುತ್ತದೆ. ಆಮೇಲೆ ಐದೈದನ್ನು ಒಂದೇ ಸಾಲಿಗೆ ಜೋಡಿಸಿದೆ. ಕಂಪ್ಯೂಟರಿನಲ್ಲಿ ಇಮೇಜ್‌ಮ್ಯಾಜಿಕ್ ಇದ್ದರೆ ಇದು ಒಂದು ಸಾಲಿನ ಕೆಲಸ:

```
magick montage a1.jpg a2.jpg a3.jpg a4.jpg a5.jpg -tile 5x1 -geometry x1200+6+6 a.jpg
```

ಎತ್ತರ 1200 ಪಿಕ್ಸೆಲ್ ಇಟ್ಟಿದ್ದು ಬೇಕಂತಲೇ. 120 ಸೆಂಟಿಮೀಟರಿಗೆ 1200 ಪಿಕ್ಸೆಲ್ ಅಂದರೆ ಹತ್ತು ಪಿಕ್ಸೆಲಿಗೆ ಒಂದು ಸೆಂಟಿಮೀಟರ್. ಎಲೆಯ ತುದಿಯ ಮೇಲೆ ಕರ್ಸರ್ ಇಟ್ಟು, ಅಲ್ಲಿಂದ ಫೋಟೋದ ಅಡಿಯ ತನಕ ಎಷ್ಟು ಪಿಕ್ಸೆಲ್ ಅಂತ ನೋಡಿದರೆ ಲೆಕ್ಕ ಅಲ್ಲೇ ಸಿಗುತ್ತದೆ. ಕಂಪ್ಯೂಟರ್ ಇಲ್ಲದವರು ಫೋನಿನಲ್ಲೇ ಫೋಟೋ ದೊಡ್ಡದು ಮಾಡಿ ಟೇಪಿನ ಅಂಕ ಓದಿದರೂ ಸಾಕು. ಸ್ವಲ್ಪ ತಾಳ್ಮೆ ಬೇಕು.

ಎಲೆ ಎಣಿಸುವಾಗ ಪೂರ್ತಿ ಬಿಚ್ಚಿಕೊಂಡ ಎಲೆ ಮಾತ್ರ ಲೆಕ್ಕ. ಮಡಿಚಿಕೊಂಡಿರುವ ಸುಳಿ ಲೆಕ್ಕಕ್ಕಿಲ್ಲ. ಒಣಗಿ ಜೋತುಬಿದ್ದದ್ದೂ ಇಲ್ಲ. ಒಂದೇ ಕಡೆಯ ಫೋಟೋದಲ್ಲಿ ಒಂದು ಎಲೆಯ ಹಿಂದೆ ಇನ್ನೊಂದು ಅಡಗಿರುತ್ತದೆ, ಅದಕ್ಕೇ ಕಾಲು ಸುತ್ತು ತಿರುಗಿಸಿದ ಎರಡನೆಯ ಫೋಟೋ. ಎರಡರಲ್ಲಿ ಜಾಸ್ತಿ ಬಂದ ಸಂಖ್ಯೆಯನ್ನು ಹಿಡಿದೆ. ಎತ್ತರವನ್ನು ಮಣ್ಣಿನಿಂದ ಎಲ್ಲಕ್ಕಿಂತ ಮೇಲಿರುವ ಎಲೆತುದಿಯ ತನಕ ತೆಗೆದುಕೊಂಡೆ, ಎಲ್ಲ ಸಸಿಗೂ ಒಂದೇ ರೀತಿ.

ಅ ನರ್ಸರಿಯ ಮೊದಲ ಸಸಿಗೆ ಆರು ಎಲೆ, 68 ಸೆಂಟಿಮೀಟರ್ ಎತ್ತರ. 240ರಲ್ಲಿ 68 ಕಳೆದರೆ 172. ಅದೇ ನರ್ಸರಿಯ ಉಳಿದ ನಾಲ್ಕಕ್ಕೆ 140, 166, 134, 170 ಬಂತು. ಬ ನರ್ಸರಿಯಲ್ಲಿ ನೋಡಲು ಎಲ್ಲಕ್ಕಿಂತ ಚಂದ ಇದ್ದ ಸಸಿಗೆ 110 ಸೆಂಟಿಮೀಟರ್ ಎತ್ತರ, ಐದೇ ಎಲೆ. 200ರಲ್ಲಿ 110 ಹೋದರೆ 90. ಆ ಐದರಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದದ್ದು 104. ಅಂದರೆ ಬ ನರ್ಸರಿಯ ಅತಿ ಒಳ್ಳೆಯ ಸಸಿ ಅ ನರ್ಸರಿಯ ಅತಿ ಕಡಿಮೆಯ ಸಸಿಗಿಂತಲೂ 30 ಅಂಕ ಹಿಂದೆ. ಭಾವನಿಗೆ ಈ ಸಾಲುಗಳನ್ನು ತೋರಿಸಿದಾಗ ಅವರು ಎರಡು ಸಲ ಎಲೆ ಎಣಿಸಿ ನೋಡಿದರು.

ಕ ನರ್ಸರಿಯದ್ದು ಬೇರೆ ಕತೆ. ಅಲ್ಲಿ 158, 102, 152, 130, 96. ಸರಾಸರಿ 128ರ ಹತ್ತಿರ, ಕೆಟ್ಟದೇನಲ್ಲ. ಆದರೆ ಆರು ಎಲೆಯ ಸಸಿಯ ಪಕ್ಕದಲ್ಲೇ ನಾಲ್ಕು ಎಲೆಯದ್ದು ಇದೆ. ಒಂದೇ ದಿನ ಬಿತ್ತಿದ ಬೀಜದಲ್ಲಿ ಇಷ್ಟು ವ್ಯತ್ಯಾಸ ಇಷ್ಟು ಸಸಿಗಳಲ್ಲಿ ಬರುವುದು ಕಷ್ಟ. ಬೇರೆ ಬೇರೆ ಸಮಯದ ಸಸಿಗಳನ್ನು ಒಂದೇ ಸಾಲಿನಲ್ಲಿ ಸೇರಿಸಿಟ್ಟಂತೆ ಇತ್ತು. ಫೋನಿನಲ್ಲಿ ಕೇಳಿದೆ. ಎರಡು ಹಂಗಾಮಿನ ಬೀಜ ಸೇರಿದೆ ಅಂತ ಅವರೇ ನೇರವಾಗಿ ಹೇಳಿದರು. ಈ ಲೆಕ್ಕ ಒಂದೇ ತಳಿಯ, ಒಂದೇ ವಯಸ್ಸಿನ ಸಸಿಗಳ ನಡುವೆ ಮಾತ್ರ ನಿಲ್ಲುತ್ತದೆ. ಹತ್ತು ತಿಂಗಳ ನಾಲ್ಕೆಲೆ ಸಸಿಯನ್ನು ಒಂದೂವರೆ ವರ್ಷದ ಆರೆಲೆ ಸಸಿಯ ಜೊತೆ ತೂಗಿದರೆ ಅರ್ಥವಿಲ್ಲ. ಹಾಗೆಯೇ ಗಿಡ್ಡ ಹೈಬ್ರಿಡ್‌ಗಳಾದ ವಿಟಿಎಲ್‌ಎಎಚ್-1, ವಿಟಿಎಲ್‌ಎಎಚ್-2 ಸಸಿಗಳನ್ನು ಮಂಗಳದ ಜೊತೆ ಇಟ್ಟು ಈ ಲೆಕ್ಕ ಹಾಕಬಾರದು. ಅವುಗಳಿಗೆ ಹಿರೇಹಳ್ಳಿ ಗಿಡ್ಡ ತಳಿಯ ರಕ್ತ ಇದೆ, ಎತ್ತರ ಹುಟ್ಟಿನಿಂದಲೇ ಕಡಿಮೆ.

ಎಲೆಯ ಬಣ್ಣ

ಬಣ್ಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋಯಿತು. ಫೋಟೋದ ಹಸಿರನ್ನು ನಂಬಬಾರದು ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ನಂಬಬಾರದು ಅನ್ನುವುದನ್ನು ಬಿಳಿ ಕಾಗದ ಹೇಳುತ್ತದೆ.

ಬ ನರ್ಸರಿಯವರು ಬಯಲಿಗೆ ತರದೆ ನೆಟ್ಟಿನ ಅಂಚಿನಲ್ಲೇ ಇಟ್ಟು ತೆಗೆದಿದ್ದರು. ಅವರ ಒಂದು ಫೋಟೋವನ್ನು ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಕಲರ್ ಪಿಕ್ಕರಿನಿಂದ ಕಾಗದವನ್ನು ಮುಟ್ಟಿದೆ. ಕೆಂಪು 205, ಹಸಿರು 228, ನೀಲಿ 208. ಬಿಳಿ ಕಾಗದದಲ್ಲಿ ಮೂರೂ ಸಮ ಇರಬೇಕಲ್ವಾ? ಹಸಿರು ಇಷ್ಟು ಮುಂದೆ ಇದೆ ಅಂದರೆ ನೆಟ್ಟಿನ ಬೆಳಕು ಕಾಗದಕ್ಕೂ ಎಲೆಗೂ ಹಸಿರು ಬಳಿದಿದೆ. ಅದೇ ಫೋಟೋದಲ್ಲಿ ಮಧ್ಯದ ಎಲೆಯ ಬಣ್ಣ 112, 150, 60. ಇದನ್ನು ಬಣ್ಣದ ಚಕ್ರದಲ್ಲಿ ಇಟ್ಟರೆ ಸುಮಾರು 85 ಡಿಗ್ರಿ. ಈ ಚಕ್ರದಲ್ಲಿ 60 ಅಂದರೆ ಶುದ್ಧ ಹಳದಿ, 120 ಅಂದರೆ ಶುದ್ಧ ಹಸಿರು.

ಆಮೇಲೆ ಲೆವೆಲ್ಸ್ ಎಂಬ ಕಡೆ ಹೋಗಿ, ಬಿಳಿ ಬಿಂದು ಆರಿಸುವ ಗುಂಡಿ ಒತ್ತಿ, ಕಾಗದದ ಮೇಲೆ ಮುಟ್ಟಿದೆ. ಕಾಗದ ಬೆಳ್ಳಗಾಯಿತು. ಎಲೆ 139, 168, 74ಕ್ಕೆ ಬಂತು, ಸುಮಾರು 79 ಡಿಗ್ರಿ. ಕಡು ಹಸಿರು ಅಂತ ಕಂಡದ್ದು ಹಳದಿ ಕಡೆಗೆ ಜಾರಿದ ತೆಳು ಹಸಿರು. ಅ ನರ್ಸರಿಯ ಗೋಡೆ ನೆರಳಿನ ಫೋಟೋಗಳಲ್ಲಿ ಹೀಗೆಯೇ ತಿದ್ದಿದ ಮೇಲೆ ಎಲೆಗಳು 95ರ ಆಸುಪಾಸಿನಲ್ಲಿ ನಿಂತವು. ಮೊದಲ ದಿನ ಮಾಸಿದಂತೆ ಕಂಡದ್ದು ಮಧ್ಯಾಹ್ನದ ಬಿಸಿಲು ಎಲೆಯ ಮೇಣದ ಮೇಲೆ ಹೊಳೆದದ್ದರಿಂದ. ಈ ಅಂಕಗಳನ್ನು ಬೇರೆಯವರ ಫೋನಿನ ಫೋಟೋಗೆ ಹಾಗೇ ಹಚ್ಚಬೇಡಿ. ಫೋನಿನಿಂದ ಫೋನಿಗೆ ಬಣ್ಣ ಬದಲಾಗುತ್ತದೆ. ಇಷ್ಟು ದೊಡ್ಡ ಅಂತರ ಇದ್ದಾಗ ಮಾತ್ರ ನಾನು ಅದನ್ನು ಒಂದು ಸಾಕ್ಷಿ ಅಂತ ತೆಗೆದುಕೊಳ್ಳುತ್ತೇನೆ.

ಕಾಗದದ ಅಂಕ ಮೂರೂ 255 ಅಂತ ಬಂದರೆ ಆ ಫೋಟೋ ಬಣ್ಣಕ್ಕೆ ಉಪಯೋಗವಿಲ್ಲ. ಬೆಳಕು ತುಂಬಿ ಚೆಲ್ಲಿದೆ, ಮೂಲದ ವ್ಯತ್ಯಾಸ ಅಳಿಸಿಹೋಗಿದೆ. ಕ ನರ್ಸರಿಯ ಎರಡು ಫೋಟೋ ಹೀಗಿದ್ದವು, ಬದಿಗಿಟ್ಟೆ. ಫೋನಿನಲ್ಲೇ ಮಾಡುವವರು ಸ್ನ್ಯಾಪ್‌ಸೀಡಿನ ವೈಟ್ ಬ್ಯಾಲೆನ್ಸಿನಲ್ಲಿ ಇರುವ ಪಿಕ್ಕರನ್ನು ಕಾಗದದ ಮೇಲೆ ಇಟ್ಟರೆ ಇದೇ ಕೆಲಸ ಆಗುತ್ತದೆ. ಅಂಕ ಸಿಗುವುದಿಲ್ಲ, ಕಣ್ಣಿಗೆ ಗೊತ್ತಾಗುತ್ತದೆ.

ಅಂಕಕ್ಕಿಂತಲೂ ಹೆಚ್ಚಿನ ವಿಷಯ ಹೇಳುವುದು ಹಳದಿ ಎಲ್ಲಿದೆ ಅನ್ನುವುದು. ಬ ನರ್ಸರಿಯಲ್ಲಿ ಕೆಳಗಿನ ಹಳೆಯ ಎಲೆಗಳು ಇಡೀ ಒಂದೇ ಸಮ ತೆಳ್ಳಗಾಗಿದ್ದವು, ಸುಳಿಯ ಕಡೆ ಹಸಿರು ಉಳಿದಿತ್ತು. ಇದು ಸಾರಜನಕ ಸಾಲದ ಲಕ್ಷಣ. ಸಸಿ ಹಳೆಯ ಎಲೆಯಿಂದ ತೆಗೆದು ಹೊಸ ಎಲೆಗೆ ಕೊಡುತ್ತಿದೆ. ಗೊಬ್ಬರ ಹಾಕಿದರೆ ಸರಿಯಾಗುವಂಥದ್ದು, ಇದೊಂದೇ ಕಾರಣಕ್ಕೆ ನಾನು ಸಸಿ ಬಿಡುವುದಿಲ್ಲ. ಎಲೆಯ ಒಂದೇ ಮಗ್ಗುಲಲ್ಲಿ ಕಾಗದದಂತೆ ಬೆಳ್ಳಗಾಗಿ ಒಣಗಿದ್ದರೆ ಅದು ನೆರಳಿನಿಂದ ಹಠಾತ್ ಬಿಸಿಲಿಗೆ ತಂದ ಸುಟ್ಟ ಗಾಯ. ಅದೂ ಹೊಸ ಎಲೆ ಬಂದರೆ ಮರೆಯಾಗುತ್ತದೆ.

ಬಿಡಲೇಬೇಕಾದದ್ದು ಚುಕ್ಕೆ ಇರುವ ಸಸಿ. ಕಂದು ಚುಕ್ಕೆ, ಸುತ್ತ ಹಳದಿ ಉಂಗುರ, ಚುಕ್ಕೆಗಳು ಕೂಡಿಕೊಂಡು ಎಲೆ ಒಣಗುತ್ತಾ ಬರುವುದು. ಎಲೆಚುಕ್ಕಿ ರೋಗ ನಮ್ಮ ಕಡೆಯ ತೋಟಗಳಲ್ಲಿ ಎಷ್ಟು ಕಾಡಿದೆ ಅಂತ ಎಲ್ಲರಿಗೂ ಗೊತ್ತು. ಅದನ್ನು ದುಡ್ಡು ಕೊಟ್ಟು ಮನೆಗೆ ತರುವುದು ಬೇಡ. ಕ ನರ್ಸರಿಯ ಐದರಲ್ಲಿ ಒಂದಕ್ಕೆ ಇಂಥ ಚುಕ್ಕೆ ಇತ್ತು. ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಆಗಿ ಬಂದಿದ್ದರೆ ಅದು ಧೂಳಿನ ಹಾಗೆ ಕಾಣುತ್ತಿತ್ತು. ಇನ್ನೊಂದು ಗುರುತು ಎಳೆಯ ಎಲೆಯ ಮೇಲೆ ಉದ್ದುದ್ದ ಕಂದು ಗೀರುಗಳು, ಆಮೇಲೆ ಎಲೆ ಹರಿದು ಚಿಂದಿಯಾದಂತೆ ಆಗುವುದು. ಅದು ಸುಳಿತಿಗಣೆಯ ಕೆಲಸ. ಸುಳಿಯ ಸಂದಿಯಲ್ಲಿ ಕುಳಿತು ರಸ ಹೀರುತ್ತದೆ. ಎಲೆ ಬಿಚ್ಚಿದ ಮೇಲೆ ಗಾಯ ಕಾಣುತ್ತದೆ, ತಿಗಣೆ ಕಾಣುವುದಿಲ್ಲ. ಫೋಟೋದಲ್ಲಿ ಗೀರು ಕಂಡರೆ ಸಂದಿಯಲ್ಲಿ ಅದು ಇನ್ನೂ ಇದೆ ಅಂತಲೇ ಎಣಿಸಿ.

ಬುಡ ಮತ್ತು ನೇರ

ಈ ವಯಸ್ಸಿನ ಅಡಿಕೆ ಸಸಿಗೆ ಕಾಂಡ ಅಂತ ಕಾಣುವುದು ಹೆಚ್ಚಾಗಿ ಹಾಳೆಗಳು ಒಂದರೊಳಗೊಂದು ಸುತ್ತಿಕೊಂಡ ಬುಡ. ಅದು ಕೆಳಗೆ ದಪ್ಪ, ಮೇಲೆ ಹೋಗುತ್ತಾ ಸಪೂರ ಇರಬೇಕು. ಬ ನರ್ಸರಿಯ ಸಸಿಗಳಲ್ಲಿ ಬುಡದಿಂದ ಒಂದು ಗೇಣು ಮೇಲಿನ ತನಕ ಒಂದೇ ಸಪೂರ. ಎಳೆದ ಸಸಿ ಅನ್ನುವುದಕ್ಕೆ ಅದೂ ಇನ್ನೊಂದು ಗುರುತು.

ಓರೆ ಕಂಡ ಕೂಡಲೇ ಬಿಡಬೇಕಾಗಿಲ್ಲ. ದಾರದ ಪಕ್ಕದಲ್ಲಿ ನೋಡಿದಾಗ ಬುಡದಿಂದ ಸುಳಿಯ ತನಕ ಒಂದೇ ಓರೆಯಲ್ಲಿ ನೇರ ಗೆರೆ ಇದ್ದರೆ ತೊಟ್ಟೆ ವಾಲಿ ಕುಳಿತಿದೆ ಅಷ್ಟೆ. ನೆಡುವಾಗ ಸರಿ ಮಾಡಬಹುದು. ಮಣ್ಣಿನ ಮಟ್ಟದಲ್ಲೇ ಮೊಣಕೈಯಂತೆ ಹೊರಗೆ ಹೋಗಿ, ಮತ್ತೆ ಮೇಲಕ್ಕೆ ಬಾಗಿದ್ದರೆ ಅದು ಬೇರೆ. ಗೋಟು ಮಲಗಿದ ಹಾಗೆ ಬಿತ್ತಿದ್ದು, ಅಥವಾ ತೊಟ್ಟೆ ತಿಂಗಳುಗಟ್ಟಲೆ ಉರುಳಿಬಿದ್ದು ಸಸಿ ಹಾಗೇ ಬೆಳೆದದ್ದು. ಆ ಬಾಗನ್ನು ನೆಟ್ಟ ಮೇಲೆ ತಿದ್ದಲಿಕ್ಕೆ ಬರುವುದಿಲ್ಲ. ಅ ನರ್ಸರಿಯ ನಾಲ್ಕನೆಯ ಸಸಿ ಒಂದು ಫೋಟೋದಲ್ಲಿ ದಾರದ ಜೊತೆ ನೆಟ್ಟಗಿತ್ತು. ಕಾಲು ಸುತ್ತು ತಿರುಗಿಸಿದ್ದರಲ್ಲಿ ಮೊಣಕೈ ಬಾಗು ಎದ್ದು ಕಂಡಿತು. ಒಂದೇ ಕಡೆಯ ಫೋಟೋ ಎಷ್ಟು ಮುಚ್ಚಿಡಬಹುದು ಅನ್ನುವುದಕ್ಕೆ ಆ ಸಸಿಯೇ ಸಾಕು.

ಬೇರಿನ ಮುದ್ದೆ

ಸೀಳಿದ ತೊಟ್ಟೆಗಳ ಮೂರು ಫೋಟೋ ಪಕ್ಕಪಕ್ಕ ಇಟ್ಟಾಗ ನನ್ನ ಸಂಶಯ ಪೂರ್ತಿ ಹೋಯಿತು. ಬ ನರ್ಸರಿಯ ತೊಟ್ಟೆ ಸೀಳಿದ ಕೂಡಲೇ ಮಣ್ಣು ಅರ್ಧ ಉದುರಿತ್ತು. ಒಳಗೆ ಕೆಲವು ದಪ್ಪ ಬೇರು, ಅವುಗಳ ತುದಿ ಕತ್ತರಿಸಿ ಕಂದಾಗಿದ್ದವು. ತೊಟ್ಟೆಯ ಗೋಡೆಯನ್ನು ಒಂದು ಬೇರೂ ಮುಟ್ಟಿರಲಿಲ್ಲ. ಅಂದರೆ ಆ ಸಸಿಗಳು ಮಡಿಯಲ್ಲೇ ಬೆಳೆದು, ಮಾರುವ ಸಮಯ ಹತ್ತಿರ ಬಂದಾಗ ಕಿತ್ತು ತೊಟ್ಟೆಗೆ ಹಾಕಿದವು. ಹಳೆಯ ಎಲೆ ತೆಳ್ಳಗಾದದ್ದಕ್ಕೂ ಇದು ಹೊಂದುತ್ತದೆ. ಬೇರು ಹೋದ ಸಸಿ ಗೊಬ್ಬರ ಎಳೆಯುವುದು ಎಲ್ಲಿಂದ? ಇವನ್ನು ಜೂನಿನಲ್ಲಿ ನೆಟ್ಟರೆ ಮಳೆಗೆ ಬದುಕಬಹುದು. ಆದರೆ ಎರಡನೆಯ ಸಲ ಬೇರು ಅಲುಗಿಸಿದಂತೆ ಆಗುತ್ತದೆ, ಹೊಸ ಎಲೆ ಬಿಡುವುದು ತಡವಾಗುತ್ತದೆ.

ಅ ನರ್ಸರಿಯದ್ದರಲ್ಲಿ ಮಣ್ಣು ತೊಟ್ಟೆಯ ಆಕಾರದಲ್ಲೇ ನಿಂತಿತ್ತು. ಸುತ್ತ ಬೆಳ್ಳಗಿನ ತುದಿಯ ಬೇರುಗಳ ಬಲೆ, ತಳದಲ್ಲಿ ಒಂದು ಸುತ್ತು ಹೊಡೆದ ಬೇರು. ಈ ಸುತ್ತು ಬೇರನ್ನು ನೋಡಿ ಕೆಲವರು ಹೆದರುತ್ತಾರೆ. ಜಾಯಿಕಾಯಿ, ಮಾವು, ಹಲಸಿನ ಸಸಿಯಲ್ಲಾದರೆ ನಾನೂ ಬಿಡುತ್ತಿದ್ದೆ. ಅವುಗಳ ಬೇರು ವರ್ಷ ಹೋದಂತೆ ದಪ್ಪವಾಗುತ್ತದೆ, ಸುತ್ತಿಕೊಂಡದ್ದು ಮುಂದೆ ಮರದ ಕುತ್ತಿಗೆಯನ್ನೇ ಹಿಸುಕಬಹುದು. ಅಡಿಕೆಗೆ ತಾಯಿಬೇರು ಇಲ್ಲ. ಅದರ ಬೇರು ಹುಟ್ಟಿದಷ್ಟೇ ದಪ್ಪದಲ್ಲಿ ಉಳಿಯುತ್ತದೆ, ಹೊಸ ಬೇರು ಬುಡದಿಂದಲೇ ಮತ್ತೆ ಮತ್ತೆ ಹುಟ್ಟುತ್ತದೆ. ಹಾಗಾಗಿ ಅಡಿಕೆಯಲ್ಲಿ ಒಂದೆರಡು ಸುತ್ತು ಅಂದರೆ ಸಸಿ ತೊಟ್ಟೆಯಲ್ಲಿ ಪೂರ್ತಿ ನೆಲೆನಿಂತಿದೆ ಅನ್ನುವ ಸುದ್ದಿ ಮಾತ್ರ. ಹೆದರಬೇಕಾದದ್ದು ಕಪ್ಪು, ಮೆತ್ತಗಿನ, ಸಿಪ್ಪೆ ಜಾರುವ ಬೇರಿಗೆ. ಅದು ನೀರು ನಿಂತು ಕೊಳೆತದ್ದು. ಮೇಲಿನಿಂದಲೂ ಇದರ ಒಂದು ಸುಳಿವು ಸಿಗುತ್ತದೆ: ತೊಟ್ಟೆಯ ಮಣ್ಣಿನ ಮೇಲೆ ದಪ್ಪ ಹಸಿರು ಪಾಚಿ. ಕ ನರ್ಸರಿಯ ಎರಡು ತೊಟ್ಟೆಗಳಲ್ಲಿ ಪಾಚಿ ಇತ್ತು. ಸೀಳಿದ ಸಸಿಯ ಬೇರು ಮಾತ್ರ ಚೆನ್ನಾಗಿಯೇ ಇತ್ತು.

ಅಡಿಭಾಗದ ಫೋಟೋದಲ್ಲಿ ನೋಡಬೇಕಾದ್ದು ತೂತುಗಳು. ಬೇರು ತೂತಿನಿಂದ ಹೊರಬಂದು ನೆಲಕ್ಕೆ ಇಳಿದಿದ್ದರೆ, ತೊಟ್ಟೆ ಎತ್ತುವಾಗ ತುಂಡಾಗಿ ಅಲ್ಲಿ ಮೋಟು ಉಳಿದಿರುತ್ತದೆ. ಅ ನರ್ಸರಿಯ ಐದರಲ್ಲಿ ಎರಡಕ್ಕೆ ಹೀಗಿತ್ತು. ತುಂಡಾದ ತುದಿ ಬೆಳ್ಳಗಿತ್ತು, ಫೋಟೋಗೆ ಅಂತ ಎತ್ತಿದಾಗಲೇ ತುಂಡಾದದ್ದು. ಅಲ್ಲಿಯವರಿಗೆ ಫೋನ್ ಮಾಡಿ, ನನ್ನ ಸಸಿಗಳನ್ನು ಈಗಲೇ ಎತ್ತಿ ಬೇರೆ ಕಡೆ ಇಟ್ಟು, ಎರಡು ವಾರ ನೀರು ಕೊಟ್ಟು ಆಮೇಲೆ ಕೊಡಿ ಅಂದೆ. ಬೇರು ತುಂಡಾದ ಪೆಟ್ಟನ್ನು ಸಸಿ ನರ್ಸರಿಯಲ್ಲೇ ಸುಧಾರಿಸಿಕೊಳ್ಳುತ್ತದೆ, ಜೀಪಿನ ಗಾಳಿ ಮತ್ತು ಹೊಸ ಗುಂಡಿಯ ಜೊತೆ ಅದೂ ಸೇರುವುದು ಬೇಡ.

ಹೋಗಿ ನೋಡಿದ್ದು

ಹಾಗಾಗಿ ಅ ನರ್ಸರಿಗೆ ಮಾತ್ರ ಹೋದೆ, ಟೇಪು ಹಿಡಿದುಕೊಂಡು. ಫೋಟೋದ ಐದು ಸಸಿಗಳಿಗೆ ಅವರು ಕೆಂಪು ದಾರ ಕಟ್ಟಿಟ್ಟಿದ್ದರು. ಮೂರನ್ನು ಅಳೆದೆ. ಎತ್ತರ ಫೋಟೋದ ಲೆಕ್ಕಕ್ಕಿಂತ ಎರಡರಿಂದ ನಾಲ್ಕು ಸೆಂಟಿಮೀಟರ್ ಜಾಸ್ತಿ ಬಂತು. ಮೂರರಲ್ಲೂ ಜಾಸ್ತಿಯೇ. ಟೇಪು ಬುಡಕ್ಕಿಂತ ಸ್ವಲ್ಪ ಮುಂದೆ ನಿಂತಿತ್ತು ಅನ್ನುವುದು ಅದರಿಂದ ಗೊತ್ತಾಗುತ್ತದೆ. 30 ಅಂಕದ ಅಂತರ ಇರುವಲ್ಲಿ ನಾಲ್ಕು ಸೆಂಟಿಮೀಟರ್ ತೀರ್ಮಾನ ಬದಲಿಸುವುದಿಲ್ಲ. ಎಲೆಯ ಸಂಖ್ಯೆ ಮೂರರಲ್ಲೂ ಸರಿಯಾಗಿತ್ತು.

150ನ್ನು ಒಂದೊಂದಾಗಿ ಅಳೆಯಲು ಹೋಗಲಿಲ್ಲ. ಐದೆಲೆಗಿಂತ ಕಡಿಮೆ ಇದ್ದದ್ದು, ಮೊಣಕೈ ಬಾಗು ಇದ್ದದ್ದು, ಗೀರು ಚುಕ್ಕೆ ಇದ್ದದ್ದು ಬದಿಗೆ. ಐದೆಲೆಯವುಗಳಲ್ಲಿ ನನ್ನ ಸೊಂಟಕ್ಕಿಂತ ಎತ್ತರದ್ದೂ ಬದಿಗೆ. ಪ್ರತಿ ಸಸಿಯನ್ನೂ ತಿರುಗಿಸಿ ನೋಡಿದೆ. ಎಲೆಯ ಅಡಿಭಾಗ ಮಾತ್ರ ಯಾವ ಫೋಟೋದಲ್ಲೂ ಇರಲಿಲ್ಲ, ಅಲ್ಲಿ ನುಸಿ ಇದೆಯೇ ಅಂತ ಕೈಯಲ್ಲಿ ಎತ್ತಿ ನೋಡಬೇಕಾಯಿತು. ಮುಂದಿನ ಸಲ ಎಲೆಯಡಿಯ ಫೋಟೋವನ್ನೂ ಕೇಳುವ ಪಟ್ಟಿಗೆ ಸೇರಿಸುತ್ತೇನೆ. ನರ್ಸರಿಯ ಹುಡುಗ ಸಸಿಯನ್ನು ಸುಳಿ ಹಿಡಿದು ಎತ್ತುತ್ತಿದ್ದ. "ಮೋನೇ, ತೊಟ್ಟೆಯ ಅಡಿಗೆ ಕೈ ಕೊಡು" ಅಂದೆ. ಸುಳಿ ಹಿಡಿದು ಎತ್ತಿದರೆ ಇಷ್ಟು ನೋಡಿ ಆರಿಸಿದ ಬೇರಿನ ಮುದ್ದೆ ಒಳಗೇ ಒಡೆಯುತ್ತದೆ.

ಫೋಟೋ ಹೇಳದ ವಿಷಯಗಳಿಗೆ ಬೇರೆ ದಾರಿ ಹಿಡಿಯಬೇಕು. ತಳಿ ಮಂಗಳವೇ ಅಂತ ಸಸಿ ನೋಡಿ ಹೇಳಲು ಬರುವುದಿಲ್ಲ. ಅಡಿಕೆಯಲ್ಲಿ ಪರಾಗ ಒಂದು ಮರದಿಂದ ಇನ್ನೊಂದಕ್ಕೆ ಹೋಗುತ್ತದೆ, ತಾಯಿಮರ ಯಾವ ತೋಟದ್ದು ಅನ್ನುವುದೇ ಮುಖ್ಯ. ಹಳದಿ ರೋಗದ ವಿಷಯವೂ ಹಾಗೆಯೇ. ಸಸಿಯ ಹಳದಿ ನೋಡಿ ಅದು ಆ ರೋಗ ಹೌದೋ ಅಲ್ಲವೋ ಅಂತ ಯಾವ ಫೋಟೋದಿಂದಲೂ ತೀರ್ಮಾನ ಮಾಡಬಾರದು. ಗೋಟು ತಂದ ತೋಟ ಯಾವುದು, ಅಲ್ಲಿ ಆ ರೋಗ ಇದೆಯೇ ಅಂತ ಕೇಳಿದೆ. ಅವರು ತೋಟದ ಯಜಮಾನರ ನಂಬರನ್ನೇ ಕೊಟ್ಟರು, ಮಾತಾಡಿ ಖಾತ್ರಿ ಮಾಡಿಕೊಂಡೆ.

ನಮ್ಮದು ಮುರಕಲ್ಲು ಮಣ್ಣು, ನೀರು ನಿಲ್ಲುವುದಿಲ್ಲ. ಹಾಗಾಗಿ ಮೊದಲ ಮಳೆಗೇ ನೆಡಬಹುದು. ಜೇಡಿ ಮಣ್ಣಿನ ಬಯಲಿನವರು ಮಳೆಯ ರಭಸ ಕಡಿಮೆಯಾಗುವ ಆಗಸ್ಟ್, ಸೆಪ್ಟೆಂಬರ್ ತನಕ ಕಾಯುವುದು ಒಳ್ಳೆಯದು. ಬಯಲಿನಲ್ಲಿ ಬೆಳೆದ ಸಸಿಗಳು ನೇರವಾಗಿ ಗುಂಡಿಗೆ ಹೋದವು. ನರ್ಸರಿಯ ಮರದಡಿಯ ಸಾಲಿನಿಂದ ಬಂದ ಕೆಲವನ್ನು ಗುರುತು ಮಾಡಿ ತೆಂಗಿನ ಮಡಲಿನ ಚಪ್ಪರದಡಿ ಇಟ್ಟಿದ್ದೇನೆ. ಮಡಲು ಒಂದೊಂದಾಗಿ ತೆಗೆಯುತ್ತಾ ಬಿಸಿಲಿಗೆ ಒಗ್ಗಿಸಿ, ಆಮೇಲೆ ಅವನ್ನು ನೆಡುವುದು.